ಗೋದಾಮು ದಾಟದ ಲಾಭ

ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳ ತ್ರೈಮಾಸಿಕ ಫಲಿತಾಂಶ ನೋಡಿದವರಿಗೆ ಅದರಲ್ಲಿ ಎರಡು ಬಗೆಯ ಲೆಕ್ಕ ಕಾಣಿಸುತ್ತದೆ. ಒಂದು ಸ್ಟ್ಯಾಂಡ್‌ಅಲೋನ್, ಅಂದರೆ ಆ ಕಂಪನಿಯೊಂದರದ್ದೇ ಲೆಕ್ಕ. ಇನ್ನೊಂದು ಕನ್ಸಾಲಿಡೇಟೆಡ್, ಅಂದರೆ ಆ ಕಂಪನಿಯನ್ನೂ ಅದರ ಅಂಗಸಂಸ್ಥೆಗಳನ್ನೂ ಒಂದೇ ವ್ಯವಹಾರವೆಂದು ಬಗೆದು ಬರೆದ ಲೆಕ್ಕ. ಎರಡನೆಯದು ಎಲ್ಲ ಕಂಪನಿಗಳ ಅಂಕಿಗಳನ್ನು ಕೂಡಿಸಿದ ಮೊತ್ತವೆಂದೇ ಹಲವರ ನಂಬಿಕೆ. ಕೂಡಿಸುವುದು ಮೊದಲ ಹೆಜ್ಜೆ ಮಾತ್ರ. ಕೂಡಿಸಿದ ಮೇಲೆ ತೆಗೆಯಬೇಕಾದದ್ದು ಬಹಳಷ್ಟಿರುತ್ತದೆ. ಅದರಲ್ಲಿ ಸುಲಭವಾಗಿ ಕಣ್ತಪ್ಪುವುದು, ಮಾರಾಟವಾಗದೆ ಗೋದಾಮಿನಲ್ಲೇ ಉಳಿದ ಸರಕಿನೊಳಗೆ ಅಡಗಿ ಕುಳಿತ ಲಾಭ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಹುರಿದು ಪುಡಿ ಮಾಡುವ ಒಂದು ಮಾತೃ ಕಂಪನಿ ಇದೆ ಎಂದುಕೊಳ್ಳಿ. ಬೆಂಗಳೂರಿನಲ್ಲಿ ಅಂಗಡಿಗಳನ್ನು ನಡೆಸುವ ಕಂಪನಿ ಅದರ ಅಂಗಸಂಸ್ಥೆ. ಒಂದು ಕಿಲೋ ಪುಡಿ ತಯಾರಿಸಲು ಮಾತೃ ಕಂಪನಿಗೆ 400 ರೂಪಾಯಿ ಬೀಳುತ್ತದೆ. ಅದನ್ನು ಅಂಗಸಂಸ್ಥೆಗೆ 500 ರೂಪಾಯಿಗೆ ಮಾರುತ್ತದೆ. ವರ್ಷದಲ್ಲಿ ಹೀಗೆ ಮಾರಿದ್ದು 10,000 ಕಿಲೋ. ಅಂಗಸಂಸ್ಥೆ ಅದರಲ್ಲಿ 7,000 ಕಿಲೋವನ್ನು ಗಿರಾಕಿಗಳಿಗೆ 600 ರೂಪಾಯಿಯಂತೆ ಮಾರಿತು. ಮಾರ್ಚ್ 31ರಂದು 3,000 ಕಿಲೋ ಗೋದಾಮಿನಲ್ಲಿತ್ತು.

ಮಾತೃ ಕಂಪನಿಯ ಪುಸ್ತಕದಲ್ಲಿ 50 ಲಕ್ಷದ ಮಾರಾಟ, 40 ಲಕ್ಷದ ವೆಚ್ಚ, 10 ಲಕ್ಷದ ಲಾಭ. ಅಂಗಸಂಸ್ಥೆಯ ಪುಸ್ತಕದಲ್ಲಿ 42 ಲಕ್ಷದ ಮಾರಾಟ, ಮಾರಿದ ಸರಕಿನ ವೆಚ್ಚ 35 ಲಕ್ಷ, ಲಾಭ 7 ಲಕ್ಷ. ಎರಡೂ ಪುಸ್ತಕ ಸರಿಯಾಗಿಯೇ ಇವೆ. ಕಾನೂನಿನ ಕಣ್ಣಿನಲ್ಲಿ ಅವು ಬೇರೆ ಬೇರೆ ಕಂಪನಿಗಳು, ಬಿಲ್ ನಿಜ, ಹಣ ಪಾವತಿಯಾದದ್ದೂ ನಿಜ. ಕೂಡಿಸಿದರೆ 92 ಲಕ್ಷದ ಮಾರಾಟ, 17 ಲಕ್ಷದ ಲಾಭ.

ಆದರೆ ಒಂದೇ ಮನೆಯಲ್ಲಿ ಅಣ್ಣ ತಮ್ಮನಿಗೆ ಅಕ್ಕಿ ಮಾರಿದರೆ ಮನೆಯ ಆಸ್ತಿ ಹೆಚ್ಚುವುದಿಲ್ಲ. ಇಡೀ ಸಮೂಹವನ್ನು ಒಂದೇ ಎಂದು ನೋಡಿದಾಗ ಹೊರಗಿನವರಿಗೆ ಮಾರಿದ್ದು 7,000 ಕಿಲೋ ಮಾತ್ರ, ಬಂದದ್ದು 42 ಲಕ್ಷ. ಆ ಪುಡಿಗೆ ಸಮೂಹ ಖರ್ಚು ಮಾಡಿದ್ದು ಕಿಲೋಗೆ 400ರಂತೆ 28 ಲಕ್ಷ. ನಿಜವಾದ ಲಾಭ 14 ಲಕ್ಷ. ಉಳಿದ 3 ಲಕ್ಷ ಗೋದಾಮಿನಲ್ಲಿದೆ. ಅಂಗಸಂಸ್ಥೆಯ ದಾಸ್ತಾನು 15 ಲಕ್ಷ ಎಂದು ಬರೆದಿದೆ, ಆದರೆ ಸಮೂಹಕ್ಕೆ ಅದು ಬಿದ್ದದ್ದು 12 ಲಕ್ಷಕ್ಕೆ. ದಾಸ್ತಾನಿನ ಮೌಲ್ಯದಲ್ಲಿ ಸೇರಿಕೊಂಡಿರುವ ಈ 3 ಲಕ್ಷವೇ ಇನ್ನೂ ಕೈಗೂಡದ ಲಾಭ. ಗಿರಾಕಿ ಪೊಟ್ಟಣ ಕೊಂಡು ಹೊರನಡೆಯುವ ತನಕ ಸಮೂಹಕ್ಕೆ ಅದು ಲಾಭವಲ್ಲ.

ತೆಗೆಯುವ ಬಗೆ ಹೀಗೆ. ಕ್ರೋಢೀಕೃತ ಲೆಕ್ಕ ತಯಾರಿಸುವ ಹಾಳೆಯಲ್ಲಿ ಮಾರಾಟದಿಂದ 50 ಲಕ್ಷ ಕಳೆಯುತ್ತಾರೆ, ಮಾರಿದ ಸರಕಿನ ವೆಚ್ಚದಿಂದ 47 ಲಕ್ಷ ಕಳೆಯುತ್ತಾರೆ, ದಾಸ್ತಾನಿನಿಂದ 3 ಲಕ್ಷ ಕಳೆಯುತ್ತಾರೆ. ಮಾರಾಟ 42 ಲಕ್ಷಕ್ಕೆ, ವೆಚ್ಚ 75ರಿಂದ 28 ಲಕ್ಷಕ್ಕೆ ಇಳಿಯುತ್ತದೆ. ಈ ನಮೂದು ಎರಡು ಕಂಪನಿಗಳ ಪೈಕಿ ಯಾವುದರ ಪುಸ್ತಕದಲ್ಲೂ ಬರುವುದಿಲ್ಲ, ಕ್ರೋಢೀಕರಣದ ಹಾಳೆಯಲ್ಲಷ್ಟೇ ಇರುತ್ತದೆ. ಹಾಗಾಗಿಯೇ ಮುಂದಿನ ವರ್ಷ ಅದು ಮರೆತುಹೋಗುತ್ತದೆ.

ಮರೆತರೆ ಏನಾಗುತ್ತದೆ? ಏಪ್ರಿಲ್‌ನಲ್ಲಿ ಆ 3,000 ಕಿಲೋ ಪುಡಿ 18 ಲಕ್ಷಕ್ಕೆ ಮಾರಾಟವಾಯಿತು ಎನ್ನಿ. ಅಂಗಸಂಸ್ಥೆ ವೆಚ್ಚವನ್ನು 15 ಲಕ್ಷ ಎಂದು ಬರೆದು 3 ಲಕ್ಷ ಲಾಭ ತೋರಿಸುತ್ತದೆ. ಸಮೂಹಕ್ಕಾದರೋ ವೆಚ್ಚ 12 ಲಕ್ಷ, ಲಾಭ 6 ಲಕ್ಷ. ಆದ್ದರಿಂದ ಹೊಸ ವರ್ಷದ ಹಾಳೆಯಲ್ಲಿ ಪ್ರಾರಂಭಿಕ ಸಂಚಿತ ಲಾಭವನ್ನು 3 ಲಕ್ಷ ತಗ್ಗಿಸಿ, ವೆಚ್ಚವನ್ನೂ ಅಷ್ಟೇ ತಗ್ಗಿಸಬೇಕು. ಕಳೆದ ವರ್ಷ ತಡೆಹಿಡಿದ ಲಾಭ ಈಗ ಬಿಡುಗಡೆಯಾಗುತ್ತದೆ. ಇದನ್ನು ಮಾಡದಿದ್ದರೆ ಸಂಚಿತ ಲಾಭದ ಆರಂಭದ ಶಿಲ್ಕು ಹಿಂದಿನ ವರ್ಷ ಪ್ರಕಟಿಸಿದ ಅಂಕಿಗೆ ಹೊಂದುವುದಿಲ್ಲ. ತಪ್ಪು ಮೊದಲು ಪತ್ತೆಯಾಗುವುದೂ ಅಲ್ಲಿಯೇ.

ಇನ್ನೊಂದು ತಪ್ಪು ಶೇಕಡಾವಾರಿನದು. ಮಾತೃ ಕಂಪನಿ ‘ನಾವು ಶೇ 25 ಲಾಭ ಇಟ್ಟು ಮಾರುತ್ತೇವೆ’ ಎಂದು ಹೇಳುತ್ತದೆ. ಅದು 400ರ ಮೇಲಿನ ಶೇ 25. ಗೋದಾಮಿನ ಸರಕು ಬರೆದಿರುವುದು 500ರ ದರದಲ್ಲಿ, ಆ ದರದ ಮೇಲೆ ಲಾಭ ಶೇ 20. ಗಮನಿಸದೆ 15 ಲಕ್ಷದ ಶೇ 25 ತೆಗೆದವರು 3.75 ಲಕ್ಷ ಕಳೆದುಬಿಡುತ್ತಾರೆ. ಸಮೂಹದ ದಾಸ್ತಾನು ಆಗ ತಯಾರಿಕಾ ವೆಚ್ಚಕ್ಕಿಂತಲೂ ಕೆಳಗೆ ಇಳಿಯುತ್ತದೆ. ಲಾಭವನ್ನು ಯಾವುದರ ಮೇಲೆ ಲೆಕ್ಕ ಹಾಕಿದ್ದಾರೆ ಎಂದು ಕೇಳದೆ ಈ ಲೆಕ್ಕ ಶುರುಮಾಡಲೇಬಾರದು.

ಸರಕು ಎದುರು ದಿಕ್ಕಿನಲ್ಲಿ ಹರಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಂಗಸಂಸ್ಥೆಯ ಶೇ 80 ಷೇರು ಮಾತೃ ಕಂಪನಿಯದು, ಶೇ 20 ಹೊರಗಿನವರದು ಎನ್ನೋಣ. ಈಗ ಅಂಗಸಂಸ್ಥೆಯೇ ಮಾರಿ, ಸರಕು ಮಾತೃ ಕಂಪನಿಯ ಗೋದಾಮಿನಲ್ಲಿ ಉಳಿದಿದೆ, ಕೈಗೂಡದ ಲಾಭ ಅದೇ 3 ಲಕ್ಷ. ಶೇ 80 ಮಾತ್ರ ತೆಗೆದರೆ ಸಾಕಲ್ಲವೇ ಎಂದು ಅನಿಸಬಹುದು. ಸಾಲದು. ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 110 ಪೂರ್ತಿ ತೆಗೆಯಬೇಕೆನ್ನುತ್ತದೆ. ಸರಕು ಸಮೂಹದ ಗೋದಾಮಿನಲ್ಲಿ ಪೂರ್ತಿ ಇದೆ, ಐದರಲ್ಲಿ ನಾಲ್ಕು ಭಾಗವಲ್ಲ. ಆದರೆ ಆ ಲಾಭ ಅಂಗಸಂಸ್ಥೆಯದಾಗಿದ್ದರಿಂದ ಕಡಿತದ ಹೊರೆಯಲ್ಲಿ 60,000 ರೂಪಾಯಿಯನ್ನು ಹೊರಗಿನ ಷೇರುದಾರರ ಪಾಲಿಗೆ ಹಾಕುವುದು ವಾಡಿಕೆ. ಮಾತೃ ಕಂಪನಿಯೇ ಮಾರಿದ್ದರೆ ಪೂರ್ತಿ ಹೊರೆ ಅದರದ್ದೇ.

ತೆರಿಗೆ ಇಲಾಖೆಗೆ ಈ ಯಾವ ಕಡಿತವೂ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಪ್ರತಿ ಕಂಪನಿಯೂ ತನ್ನದೇ ಲಾಭಕ್ಕೆ ತೆರಿಗೆ ಕಟ್ಟಬೇಕು, ಸಮೂಹಕ್ಕೆ ಒಟ್ಟಾಗಿ ಕಟ್ಟುವ ಪದ್ಧತಿ ಇಲ್ಲ. ಮಾತೃ ಕಂಪನಿ 10 ಲಕ್ಷಕ್ಕೂ ತೆರಿಗೆ ಕಟ್ಟಿರುತ್ತದೆ, ಸಮೂಹ ಅದರಲ್ಲಿ 3 ಲಕ್ಷವನ್ನು ಲಾಭವೆಂದೇ ಒಪ್ಪಿಲ್ಲ. ಹೀಗಾಗಿ ಆ 3 ಲಕ್ಷದ ಮೇಲಿನ ತೆರಿಗೆಯನ್ನು ಮುಂದೂಡಿದ ತೆರಿಗೆ ಆಸ್ತಿಯೆಂದು ಕ್ರೋಢೀಕೃತ ಲೆಕ್ಕದಲ್ಲಿ ತೋರಿಸುತ್ತಾರೆ. ದರ ಸುಮಾರು ಶೇ 25.17 ಎಂದಾದರೆ ಅದು 75,500 ರೂಪಾಯಿಯ ಆಸುಪಾಸು. ಸರಕು ಹೊರಗೆ ಮಾರಾಟವಾದ ವರ್ಷ ಅದು ಕರಗುತ್ತದೆ.

ಪುಸ್ತಕದ ಲೆಕ್ಕ ಇಷ್ಟು ನೇರ. ನಿಜವಾದ ಕಷ್ಟ ಗೋದಾಮಿನಲ್ಲಿದೆ. ಅಂಗಸಂಸ್ಥೆ ಬೇರೆಯವರಿಂದಲೂ ಪುಡಿ ಕೊಂಡು ಒಂದೇ ಕಡೆ ಇಟ್ಟಿದ್ದರೆ, ಉಳಿದ ಸರಕಿನಲ್ಲಿ ಮಾತೃ ಕಂಪನಿಯದು ಎಷ್ಟು ಎಂಬುದನ್ನು ಬ್ಯಾಚ್ ನಂಬರು, ಖರೀದಿ ದಾಖಲೆ ಹಿಡಿದೇ ಬಿಡಿಸಬೇಕು. ಮಾರ್ಚ್ 30ಕ್ಕೆ ಚಿಕ್ಕಮಗಳೂರು ಬಿಟ್ಟ ಲಾರಿ ಏಪ್ರಿಲ್ 1ಕ್ಕೆ ಬೆಂಗಳೂರು ತಲುಪಿದರೆ ಮಾತೃ ಕಂಪನಿ ಮಾರಾಟ ಬರೆದಿರುತ್ತದೆ, ಅಂಗಸಂಸ್ಥೆ ಖರೀದಿ ಬರೆದಿರುವುದಿಲ್ಲ. ಆ ಲಾರಿಯಲ್ಲಿದ್ದ ಸರಕು ಯಾರ ದಾಸ್ತಾನಿನಲ್ಲೂ ಕಾಣದೆ ಹೋಗುತ್ತದೆ, ಅದರೊಳಗಿನ ಲಾಭ ಮಾತ್ರ ಸಮೂಹದ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಎರಡೂ ಕಂಪನಿಗಳು ಪರಸ್ಪರರ ಖಾತೆಯ ಶಿಲ್ಕನ್ನು ಹೋಲಿಸಿ ನೋಡಿದಾಗ ಇಂಥ ಲಾರಿಗಳು ಸಿಕ್ಕಿಬೀಳುತ್ತವೆ.

ವಾರ್ಷಿಕ ವರದಿ ಓದುವ ಸಾಮಾನ್ಯ ಹೂಡಿಕೆದಾರರಿಗೂ ಇಲ್ಲಿ ಒಂದು ಸುಳಿವಿದೆ. ಸ್ಟ್ಯಾಂಡ್‌ಅಲೋನ್ ಮಾರಾಟ ಜೋರಾಗಿ ಏರಿ, ಕ್ರೋಢೀಕೃತ ಮಾರಾಟ ಹಾಗೇ ನಿಂತು, ಕ್ರೋಢೀಕೃತ ದಾಸ್ತಾನು ಮಾತ್ರ ಬೆಳೆದಿದ್ದರೆ, ಸರಕು ಗಿರಾಕಿಗೆ ತಲುಪದೆ ಅಂಗಸಂಸ್ಥೆಯ ಗೋದಾಮಿಗೆ ಹೋಗಿ ಕುಳಿತಿರಬಹುದು. ಸಂಬಂಧಿತ ಪಕ್ಷಗಳ ವ್ಯವಹಾರದ ಟಿಪ್ಪಣಿಯಲ್ಲಿ ಅಂಗಸಂಸ್ಥೆಗಳಿಗೆ ಮಾರಿದ ಮೊತ್ತ ಇರುತ್ತದೆ. ಹಿಂದಿನ ವರ್ಷದ ಅಂಕಿಯನ್ನು ಪಕ್ಕದಲ್ಲೇ ಕೊಟ್ಟಿರುತ್ತಾರೆ, ಹೋಲಿಸಿ ನೋಡಬಹುದು.