ಒಂದೇ ಗೂಡಿಗೆ ಎರಡು ಹಕ್ಕಿ

ನಾಲ್ಕು ಕಿಲೋಬೈಟ್‌ನ ಒಂದು ಪುಟ್ಟ ಕ್ಯಾಶ್ ಇದೆ ಎಂದುಕೊಳ್ಳಿ. ಪ್ರೊಸೆಸರ್ ಪಕ್ಕದಲ್ಲೇ ಕೂತು, ಕೇಳಿದ್ದನ್ನು ತಕ್ಷಣ ಕೊಡುವ ಕಪಾಟು ಅದು. ಅದರೊಳಗೆ ತಲಾ 16 ಬೈಟ್‌ ಹಿಡಿಸುವ 256 ಗೂಡುಗಳಿವೆ. ಮೆಮೊರಿಯ ಯಾವ ವಿಳಾಸಕ್ಕೆ ಯಾವ ಗೂಡು ಎಂಬುದು ಮೊದಲೇ ನಿಗದಿ. ವಿಳಾಸವನ್ನು 4096ರಿಂದ ಭಾಗಿಸಿದಾಗ ಬರುವ ಶೇಷವೇ ಗೂಡನ್ನು ಹೇಳುತ್ತದೆ. ಹಾಗಾಗಿ ಸರಿಯಾಗಿ 4096 ಬೈಟ್ ಅಂತರದಲ್ಲಿರುವ ಎರಡು ವಿಳಾಸಗಳಿಗೆ ಸಿಗುವುದು ಒಂದೇ ಗೂಡು. ಉಳಿದ 255 ಖಾಲಿ ಬಿದ್ದಿದ್ದರೂ ಒಬ್ಬರು ಬಂದರೆ ಇನ್ನೊಬ್ಬರು ಹೊರಗೆ.

ಬೇಕಾದ್ದು ಗೂಡಿನಲ್ಲಿಲ್ಲದಿದ್ದರೆ ದೂರದ ಮೆಮೊರಿಯೆಂಬ ಉಗ್ರಾಣದಿಂದ ತರಿಸಬೇಕು. ಅಲ್ಲಿಯವರೆಗೆ ಪ್ರೊಸೆಸರ್ ತೆರುವ ದಂಡಕ್ಕೆ ಮಿಸ್ ಪೆನಾಲ್ಟಿ ಎಂದು ಹೆಸರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಅಮೆರಿಕದ ಕಂಪನಿಯಲ್ಲಿದ್ದ ನಾರ್ಮನ್ ಜೂಪಿ 1990ರಲ್ಲಿ ಇಂಥದ್ದೇ ಅಳತೆಯ ಕ್ಯಾಶ್ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಅದರಲ್ಲಿ ಒಂದು ಮಿಸ್‌ಗೆ ಅವರು ಹಿಡಿದ ದಂಡ 24 ಆದೇಶಗಳಷ್ಟು ಸಮಯ. ನಾವೂ 24 ಸೈಕಲ್ ಎಂದೇ ಹಿಡಿಯೋಣ. ಈ ಪುಟ್ಟ ಪ್ರೋಗ್ರಾಂ ಓಡಿಸಿದರೆ ಏನಾಗುತ್ತದೆ ನೋಡಿ:

```
int a[1024], b[1024];
for (int i = 0; i < 1024; i++)
    a[i] = a[i] + b[i];
```

ಒಂದೊಂದು ಸಂಖ್ಯೆಗೆ 4 ಬೈಟ್‌. ಅಂದರೆ ಒಂದು ಪಟ್ಟಿ ಸರಿಯಾಗಿ 4096 ಬೈಟ್. ಎರಡೂ ಪಟ್ಟಿ ಮೆಮೊರಿಯಲ್ಲಿ ಒತ್ತೊತ್ತಾಗಿ ಕೂತಿದ್ದರೆ `a[i]` ಮತ್ತು `b[i]` ಪ್ರತಿ ಸಲವೂ ಒಂದೇ ಗೂಡಿಗೆ ಜಗಳವಾಡುತ್ತವೆ.

ಒಂದು ಗೂಡಿನಲ್ಲಿ ನಾಲ್ಕು ಸಂಖ್ಯೆ ಹಿಡಿಸುತ್ತದಲ್ಲ, ಆ ನಾಲ್ಕು ಸುತ್ತುಗಳನ್ನೇ ಎಣಿಸೋಣ. ಮೊದಲ ಸುತ್ತಿನಲ್ಲಿ `a` ಓದಲು ಒಂದು ಮಿಸ್. `b` ಓದಲು ಇನ್ನೊಂದು, ಅದು `a`ಯನ್ನು ಹೊರದಬ್ಬುತ್ತದೆ. ಮೊತ್ತ ಬರೆಯಲು `a` ಮತ್ತೆ ಬೇಕು, ಮೂರನೆಯ ಮಿಸ್. ಮುಂದಿನ ಮೂರು ಸುತ್ತುಗಳಲ್ಲಿ `a` ಓದುವಾಗ ಅದು ಗೂಡಿನಲ್ಲೇ ಇರುತ್ತದೆ. ಆದರೆ `b`ಗೊಂದು, ಬರೆಯುವ ಹೊತ್ತಿನ `a`ಗೊಂದು, ಹೀಗೆ ತಲಾ ಎರಡು ಮಿಸ್. ಒಟ್ಟು ಒಂಬತ್ತು, ದಂಡ 216 ಸೈಕಲ್. ಇದು ಸಾಲದೆಂಬಂತೆ, ಎರಡನೆಯ ಸುತ್ತಿನಿಂದ ಹೊರಬೀಳುವ `a` ಹೊಸದಾಗಿ ತಿದ್ದಿದ್ದು. ಅದನ್ನು ಎಸೆಯುವಂತಿಲ್ಲ, ಉಗ್ರಾಣಕ್ಕೆ ಬರೆದು ಬರಬೇಕು. ಅಂಥ ಮೂರು ಬರವಣಿಗೆಗೂ ತಲಾ 24 ಎಂದರೆ ಇನ್ನೊಂದು 72. ನಾಲ್ಕು ಕೂಡುವ ಲೆಕ್ಕಕ್ಕೆ 288 ಸೈಕಲ್ ದಂಡ! ನಿಜವಾದ ಕೆಲಸವೋ, ಸುತ್ತಿಗೆ ಆರು ಸೈಕಲ್‌ನಂತೆ ಬರೀ 24.

ಈ 288 ಒಂದೇ ಇಡುಗಂಟಲ್ಲ. ಹಳೆಯದನ್ನು ಬರೆದಿಡುವ ಹೊತ್ತು ಒಂದು. ಈಗಷ್ಟೇ ಹೊರಹಾಕಿದ್ದನ್ನೇ ಮತ್ತೆ ತರಲು ಉಗ್ರಾಣಕ್ಕೆ ಓಡುವ ಹೊತ್ತು ಇನ್ನೊಂದು. ಎಂದೂ ನೋಡದ ಹೊಸದನ್ನು ಬೇಕಾದ ಮೇಲಷ್ಟೇ ಕೇಳಿದ್ದರಿಂದ ಆಗುವ ಕಾಯುವಿಕೆ ಮೂರನೆಯದು. ಒಂದೊಂದಕ್ಕೂ ಬೇರೆ ಬೇರೆ ಮದ್ದು.

ರೈಟ್ ಬಫರ್ ಮೊದಲನೆಯದಕ್ಕೆ. ಹೊರಬಿದ್ದ `a`ಯನ್ನು ಉಗ್ರಾಣದವರೆಗೆ ಹೊರುವ ಬದಲು ಬಾಗಿಲ ಬಳಿಯ ಬುಟ್ಟಿಗೆ ಹಾಕಿ, ಮೊದಲು `b`ಯನ್ನು ತರಿಸಿಕೊಳ್ಳುವುದು. ದಾರಿ ಬಿಡುವಾದಾಗ ಬುಟ್ಟಿ ಖಾಲಿಯಾಗುತ್ತದೆ. ಹಾಗಾದರೆ ಆ 72 ಉಳಿಯಿತೇ? ನಮ್ಮ ಲೆಕ್ಕದಲ್ಲಿ ಇಲ್ಲ. `b` ಬಂದ ಬೆನ್ನಿಗೇ `a` ಮತ್ತೆ ಬೇಕು, ಅದರ ಹೊಸ ಬೆಲೆಯಿರುವುದು ಬುಟ್ಟಿಯಲ್ಲಿ ಮಾತ್ರ. ಉಗ್ರಾಣದಿಂದ ತಂದರೆ ಹಳಸಲು ಸಂಖ್ಯೆ ಸಿಕ್ಕಿ ಉತ್ತರವೇ ತಪ್ಪಾಗುತ್ತದೆ. ಸರಳ ವಿನ್ಯಾಸದಲ್ಲಿ ಬುಟ್ಟಿ ಖಾಲಿಯಾಗುವವರೆಗೆ ಕಾದು ಆಮೇಲೆ ಓದುತ್ತಾರೆ. ಅಲ್ಲಿಗೆ 24 ಸೈಕಲ್ ಉಳಿಯಲಿಲ್ಲ, ಈ ಮಿಸ್‌ನ ಖಾತೆಯಿಂದ ಮುಂದಿನದರ ಖಾತೆಗೆ ಹೋಯಿತು, ಅಷ್ಟೇ. ಅದಕ್ಕೇ ಒಳ್ಳೆಯ ವಿನ್ಯಾಸಗಳಲ್ಲಿ ಪ್ರತಿ ಓದಿಗೂ ಮೊದಲು ಬುಟ್ಟಿಯ ವಿಳಾಸಗಳನ್ನು ತಾಳೆ ನೋಡುತ್ತಾರೆ. ಇದ್ದರೆ ಅಲ್ಲಿಂದಲೇ ಕೊಡುತ್ತಾರೆ. ಬುಟ್ಟಿ ತುಂಬಿದರೆ ಮಾತ್ರ ಪ್ರೊಸೆಸರ್ ನಿಲ್ಲಲೇಬೇಕು.

ಆದರೆ ರೈಟ್ ಬಫರ್ ಹಿಡಿದಿಡುವುದು ತಿದ್ದಿದ್ದನ್ನು ಮಾತ್ರ. `b`ಯನ್ನು ಯಾರೂ ತಿದ್ದಿಲ್ಲ, ಅದು ಹೊರಬಿದ್ದರೆ ಹೋಯಿತು. ಜೂಪಿಯವರ ಹೊಳಹು ಇಲ್ಲೇ ಇದೆ: ತಿದ್ದಿರಲಿ ಬಿಡಲಿ, ಹೊರಬಿದ್ದ ಪ್ರತಿಯೊಂದಕ್ಕೂ ಪಕ್ಕದಲ್ಲೊಂದು ಜಗಲಿ. ಅದೇ ವಿಕ್ಟಿಮ್ ಕ್ಯಾಶ್. ಒಂದರಿಂದ ಐದು ಜಾಗ, ಅಷ್ಟೇ. ಆದರೆ ಇಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದು. ಗೂಡಿನಲ್ಲಿ ಸಿಗದ್ದು ಜಗಲಿಯಲ್ಲಿದ್ದರೆ ಎರಡನ್ನೂ ಅದಲುಬದಲು ಮಾಡಿದರಾಯಿತು, ಒಂದು ಸೈಕಲ್ ಸಾಕು. ನಮ್ಮ ಒಂಬತ್ತು ಮಿಸ್‌ಗಳಲ್ಲಿ ಏಳು ಇಂಥ ಜಗಳದವೇ. ಏಳು ಇಪ್ಪತ್ನಾಲ್ಕು 168 ಇದ್ದದ್ದು ಏಳಕ್ಕೆ ಇಳಿಯಿತು. ತಿದ್ದಿದ `a` ಜಗಲಿ ಮತ್ತು ಗೂಡಿನ ನಡುವೆಯೇ ಓಡಾಡುವುದರಿಂದ ಈ ಹೊತ್ತಿಗೆ ಆ ಮೂರು ಬರವಣಿಗೆಗಳೂ ಬೇಕಿಲ್ಲ. ಉಳಿದದ್ದು `a`, `b` ಎರಡರ ಮೊದಲ ಭೇಟಿಯ 48. ಒಟ್ಟು ದಂಡ 288ರಿಂದ 55ಕ್ಕೆ.

ಆ 48ರ ಮೇಲೆ ಜಗಲಿಯ ಆಟ ನಡೆಯದು. ಎಂದೂ ಒಳಗೆ ಬಾರದವರು ಜಗಲಿಯಲ್ಲಿ ಕೂತಿರುವುದಾದರೂ ಹೇಗೆ? ಅವರನ್ನು ಮುಂಚಿತವಾಗಿಯೇ ಕರೆಸಬೇಕು. ಪ್ರೀಫೆಚ್ ಎಂದರೆ ಇದೇ. ಉಗ್ರಾಣದ ದೂರ ಇದರಿಂದ ಕಡಿಮೆಯಾಗುವುದಿಲ್ಲ, ಆ ಹೊತ್ತು ಬೇರೆ ಕೆಲಸದ ಹಿಂದೆ ಅಡಗುತ್ತದೆ. ಮುಂದಿನ `a`, ಮುಂದಿನ `b` ಎರಡನ್ನೂ ನೇರ ಗೂಡಿಗೇ ತಂದಿಟ್ಟರೆ ಎಡವಟ್ಟು, ಅವೆರಡರ ಗೂಡೂ ಒಂದೇ! ಜೂಪಿ ಅವನ್ನು ಹೊರಗೆ, ಸ್ಟ್ರೀಮ್ ಬಫರ್ ಎಂಬ ಸಾಲಿನಲ್ಲಿ ನಿಲ್ಲಿಸಿದರು. ಸಾಲು ಒಂದೇ ಇದ್ದರೂ ಕಷ್ಟ. `a` ಮಿಸ್ ಆದಾಗ ಅದರ ಮುಂದಿನವು ಸಾಲು ಕಟ್ಟುತ್ತವೆ, `b` ಮಿಸ್ ಆದೊಡನೆ ಸಾಲು ಚದುರಿ ಹೊಸದಾಗಿ ಶುರುವಾಗುತ್ತದೆ. ಅದಕ್ಕೇ ಅವರು ನಾಲ್ಕು ಸಾಲುಗಳನ್ನೂ ಇಟ್ಟು ನೋಡಿದರು.

ಇಷ್ಟಾದರೂ 48 ಪೂರ್ತಿ ಅಡಗುತ್ತದೆಯೇ? ನಾಲ್ಕು ಸುತ್ತಿನ ಕೆಲಸ 24, ಅದಲುಬದಲಿಗೆ 7, ಒಟ್ಟು 31 ಸೈಕಲ್ ಬಿಡುವು. ದಾರಿಯಲ್ಲಿ ಒಮ್ಮೆಗೆ ಒಂದೇ ಸರಕು ಬರುವುದಾದರೆ ಎರಡಕ್ಕೆ 48 ಬೇಕು, 17 ಸೈಕಲ್ ಕಾಯಲೇಬೇಕು. ಮೊದಲನೆಯದು ಬರುವ ಮುನ್ನವೇ ಎರಡನೆಯದಕ್ಕೂ ಹೇಳಿಕಳಿಸುವ ಅನುಕೂಲವಿದ್ದರೆ ಮಾತ್ರ ದಂಡ ಹೆಚ್ಚುಕಡಿಮೆ ಮಾಯ. ಊಹೆ ತಪ್ಪಿ ಬೇಡದ್ದನ್ನು ತರಿಸಿದರೆ ಆ ದಾರಿಯೇ ಕಟ್ಟಿಕೊಂಡು ಬೇಕಾದ್ದೂ ತಡವಾಗುತ್ತದೆ. ವಿಕ್ಟಿಮ್ ಕ್ಯಾಶ್‌ಗೆ ಈ ಕಾಟವಿಲ್ಲ, ಅದು ಏನನ್ನೂ ತರಿಸುವುದಿಲ್ಲ. ನನ್ನನ್ನು ಕೇಳಿದರೆ ಮೂರರಲ್ಲಿ ನಿರುಪದ್ರವಿ ಅದೇ.

ಜಗಲಿಯೂ ಸ್ಟ್ರೀಮ್ ಬಫರೂ ಸೇರಿದರೆ ಆರು ದೊಡ್ಡ ಪ್ರೋಗ್ರಾಂಗಳಲ್ಲಿ ಮೊದಲ ಹಂತದ ಮಿಸ್‌ಗಳು ಅರ್ಧದಿಂದ ಮೂರನೇ ಒಂದು ಭಾಗಕ್ಕೆ ಇಳಿದವು ಎಂದು ಜೂಪಿ ತೋರಿಸಿದರು.

ಇಂದಿನ ಬಹಳಷ್ಟು ಪ್ರೊಸೆಸರ್‌ಗಳ ಮೊದಲ ಹಂತದ ಕ್ಯಾಶ್‌ನಲ್ಲಿ ಒಂದೇ ಗೂಡಿಗೆ ಎಂಟೋ ಹೆಚ್ಚೋ ಮಂದಿ ಕೂರಬಹುದು, ನಮ್ಮ `a`, `b` ಜಗಳ ಅಲ್ಲಿ ನಡೆಯದು. ಆದರೆ 200 ಸಾಲು, 1024 ಕಂಬಗಳ ಒಂದು ಕೋಷ್ಟಕ ತೆಗೆದುಕೊಂಡು ಕಂಬದುದ್ದಕ್ಕೂ ಇಳಿಯುತ್ತ ಓದಿ. ಸಾಲಿಂದ ಸಾಲಿಗೆ 4096 ಬೈಟ್. 32 ಕಿಲೋಬೈಟ್‌ನ, ಎಂಟು ಆಸನದ ಕ್ಯಾಶ್‌ನಲ್ಲಿ ಇನ್ನೂರೂ ಮಂದಿ ಅದೇ ಎಂಟು ಆಸನಕ್ಕೆ ಮುಗಿಬೀಳುತ್ತಾರೆ. ನಾಲ್ಕೈದು ಜಾಗದ ಜಗಲಿ ಇದ್ದಿದ್ದರೂ ಏನೂ ಗಿಟ್ಟುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು:

```
perf stat -e L1-dcache-load-misses ./a.out
```

ಆಮೇಲೆ ಪ್ರತಿ ಸಾಲಿನ ಕೊನೆಗೆ ಬಳಸದ 16 ಸಂಖ್ಯೆಗಳ ಜಾಗ ಸೇರಿಸಿ, 1024ರ ಬದಲು 1040 ಮಾಡಿ ಮತ್ತೆ ಓಡಿಸಿ. ಲೆಕ್ಕ ಅದೇ, ಉತ್ತರ ಅದೇ. ಮಿಸ್‌ಗಳ ಎಣಿಕೆ ಮಾತ್ರ ಧೊಪ್ಪನೆ ಬಿದ್ದರೆ ಅಷ್ಟು ಹೊತ್ತೂ ನಡೆದದ್ದು ಜಾಗದ ಕೊರತೆಯಲ್ಲ, ಗೂಡಿನ ಜಗಳ.