ಜಲಾಶಯದ ನಡುವೆ ಹತ್ತು ಸಾವಿರ ಜನ

ಉತ್ತರ ಕನ್ನಡ ಜಿಲ್ಲೆಯಲ್ಲಿ ಜನ ಎಲ್ಲೆಲ್ಲಿದ್ದಾರೆ ಎಂದು ಚುಕ್ಕೆಗಳಲ್ಲಿ ತೋರಿಸುವ ನಕ್ಷೆಯೊಂದನ್ನು ಹಿಂದೊಮ್ಮೆ ಮಾಡಿದ್ದೆ. ಒಂದು ಚುಕ್ಕೆಗೆ ಹತ್ತು ಸಾವಿರ ಜನರ ಲೆಕ್ಕ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 14,37,169. ಅಂದರೆ 144 ಚುಕ್ಕೆ. ಜಿಲ್ಲೆಯ ಗಡಿ ಕೊಟ್ಟು, ಅದರೊಳಗೆ ಇಷ್ಟು ಚುಕ್ಕೆ ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ, ಅರೆಕ್ಷಣದಲ್ಲಿ ಹಾಕಿತು. ಜೋಯಿಡಾ ಕಡೆಯ ಗೆಳೆಯರೊಬ್ಬರು ನಕ್ಷೆ ನೋಡಿ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. "ಇಲ್ಲಿ ಯಾರೂ ಇಲ್ಲ ಮಾರಾಯ್ರೇ, ಇದು ಸೂಪಾ ಡ್ಯಾಮಿನ ಹಿನ್ನೀರು" ಎಂದರು.

ಗಣತಿಯ ಅಂಕಿಯಲ್ಲಿ ತಪ್ಪಿರಲಿಲ್ಲ, ಚುಕ್ಕೆಗಳ ಎಣಿಕೆಯಲ್ಲೂ ತಪ್ಪಿರಲಿಲ್ಲ. ಆದರೂ ನಕ್ಷೆ ಸುಳ್ಳು ಹೇಳುತ್ತಿತ್ತು. ಜನಸಾಂದ್ರತೆಯ ನಕ್ಷೆಗಳಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಹೀಗೆಯೇ.

ಜನಸಾಂದ್ರತೆ ತೋರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ಪ್ರತಿ ಜಿಲ್ಲೆಗೆ ಅಥವಾ ತಾಲ್ಲೂಕಿಗೆ ಅದರ ಅಂಕಿಗೆ ತಕ್ಕಂತೆ ತಿಳಿ ಅಥವಾ ಗಾಢ ಬಣ್ಣ ತುಂಬುತ್ತಾರೆ. ಇದಕ್ಕೆ ಕೋರೋಪ್ಲೆತ್ ನಕ್ಷೆ ಎಂದು ಹೆಸರು. ಫ್ರಾನ್ಸಿನ ಶಾರ್ಲ್ ಡ್ಯೂಪೆನ್ 1826ರಲ್ಲಿ ಶಿಕ್ಷಣದ ಸ್ಥಿತಿಗತಿಯನ್ನು ತೋರಿಸಲು ಇಂಥ ನಕ್ಷೆ ಮಾಡಿದ. ಇನ್ನೊಂದು ಚುಕ್ಕೆ ನಕ್ಷೆ. ಅದೇ ದೇಶದ ಫ್ರೇರ್ ದ ಮೋಂತಿಜೋ 1830ರಲ್ಲಿ ಒಂದು ಚುಕ್ಕೆಗೆ ಹತ್ತು ಸಾವಿರ ಜನರಂತೆ ಫ್ರಾನ್ಸಿನ ಜನಸಂಖ್ಯೆಯನ್ನು ಗುರುತಿಸಿದ. ಎರಡೂ ಹಳೆಯ ವಿಧಾನಗಳೇ. ಆದರೆ ಎರಡೂ ಉತ್ತರಿಸುವ ಪ್ರಶ್ನೆ ಒಂದೇ ಅಲ್ಲ. ಬಣ್ಣದ ನಕ್ಷೆ "ಈ ಜಿಲ್ಲೆಯ ಸರಾಸರಿ ಎಷ್ಟು?" ಎಂಬುದಕ್ಕೆ ಉತ್ತರ ಕೊಡುತ್ತದೆ. ಚುಕ್ಕೆ ನಕ್ಷೆ ಕೊಡಬೇಕಾದ ಉತ್ತರ "ಜನ ಎಲ್ಲಿದ್ದಾರೆ?" ಎಂಬುದಕ್ಕೆ.

ಬಣ್ಣದ ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಸಾಂದ್ರತೆಯ ಬದಲು ಒಟ್ಟು ಜನಸಂಖ್ಯೆಗೆ ಬಣ್ಣ ತುಂಬುವುದು. ತುಮಕೂರು ಮತ್ತು ದಕ್ಷಿಣ ಕನ್ನಡವನ್ನು ಅಕ್ಕಪಕ್ಕ ಇಟ್ಟು ನೋಡಿ. 2011ರಲ್ಲಿ ತುಮಕೂರಿನಲ್ಲಿ ಸುಮಾರು 26.8 ಲಕ್ಷ ಜನ, ದಕ್ಷಿಣ ಕನ್ನಡದಲ್ಲಿ 20.9 ಲಕ್ಷ. ಒಟ್ಟು ಸಂಖ್ಯೆಗೆ ಬಣ್ಣ ಹಚ್ಚಿದರೆ ತುಮಕೂರೇ ಗಾಢವಾಗಿ ಕಾಣುತ್ತದೆ. ಆದರೆ ತುಮಕೂರು ದಕ್ಷಿಣ ಕನ್ನಡದ ಎರಡು ಪಟ್ಟಿಗಿಂತಲೂ ದೊಡ್ಡ ಜಿಲ್ಲೆ. ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಅಲ್ಲಿ 253 ಜನ, ದಕ್ಷಿಣ ಕನ್ನಡದಲ್ಲಿ ನಾನೂರಕ್ಕೂ ಹೆಚ್ಚು. ನಕ್ಷೆ ಹೇಳಿದ್ದು ಪೂರಾ ತಲೆಕೆಳಗು. ಆದ್ದರಿಂದ ಬಣ್ಣ ತುಂಬುವ ಮೊದಲು ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಲೇಬೇಕು. ಓದುಗರಾಗಿ ಇದನ್ನು ಪತ್ತೆಹಚ್ಚುವುದೂ ಸುಲಭ. ನಕ್ಷೆಯ ಮೂಲೆಯಲ್ಲಿರುವ ಸೂಚಿಯಲ್ಲಿ "ಚದರ ಕಿ.ಮೀ.ಗೆ" ಎಂದಿಲ್ಲದಿದ್ದರೆ ಅದು ಸಾಂದ್ರತೆಯ ನಕ್ಷೆಯಲ್ಲ.

ಎರಡನೆಯ ತಪ್ಪು ಅಂಕಿಗಳನ್ನು ಗುಂಪು ಮಾಡುವಾಗ ಆಗುತ್ತದೆ. 2011ರಲ್ಲಿ ರಾಜ್ಯದಲ್ಲಿದ್ದ 30 ಜಿಲ್ಲೆಗಳ ಪೈಕಿ ಕೊಡಗಿನ ಸಾಂದ್ರತೆ ಎಲ್ಲಕ್ಕಿಂತ ಕಡಿಮೆ, 135. ಬೆಂಗಳೂರು ನಗರ ಜಿಲ್ಲೆಯದು ಎಲ್ಲಕ್ಕಿಂತ ಹೆಚ್ಚು, 4,381. ಇವೆರಡರ ನಡುವಿನ ಅಂತರವನ್ನು ಐದು ಸಮಪಾಲು ಮಾಡಿ ಐದು ಬಣ್ಣ ಕೊಡೋಣ ಎನ್ನಿಸುವುದು ಸಹಜ. ಒಂದೊಂದು ಪಾಲು ಸುಮಾರು 849 ಆಗುತ್ತದೆ. ಆಗ ಮೊದಲ ಗುಂಪು 135ರಿಂದ 984ರವರೆಗೆ. ಬೆಂಗಳೂರು ನಗರವನ್ನು ಬಿಟ್ಟರೆ ಉಳಿದ 29 ಜಿಲ್ಲೆಗಳಲ್ಲಿ ಯಾವುದೂ 500 ಮುಟ್ಟಿರಲಿಲ್ಲ. ಹಾಗಾಗಿ ಇಪ್ಪತ್ತೊಂಬತ್ತೂ ಮೊದಲ ಗುಂಪಿಗೇ ಬಂದು ಬೀಳುತ್ತವೆ, ಬೆಂಗಳೂರು ಒಂದೇ ಕೊನೆಯ ಗುಂಪಿಗೆ. ನಡುವಿನ ಮೂರು ಬಣ್ಣಗಳು ಸೂಚಿಯಲ್ಲಿರುತ್ತವೆ, ನಕ್ಷೆಯಲ್ಲಿರುವುದಿಲ್ಲ. ಕೊಡಗಿಗೂ ಧಾರವಾಡಕ್ಕೂ ಒಂದೇ ಬಣ್ಣ. ಇಂಥ ಕಡೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದುಕೊಂಡು ಕಣ್ಣಾಡಿಸಬೇಕು. 200ಕ್ಕಿಂತ ಕಡಿಮೆ, 200ರಿಂದ 300, 300ರಿಂದ 400, 400ರಿಂದ 500, ಆಮೇಲೆ ಬೆಂಗಳೂರಿಗೆಂದೇ ಒಂದು ಗುಂಪು ಎಂದು ಕೈಯಾರೆ ಮಾಡಿದರೆ ಮಲೆನಾಡು, ಬಯಲುಸೀಮೆ, ಕರಾವಳಿಗಳ ವ್ಯತ್ಯಾಸ ಎದ್ದು ಕಾಣುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬಣ್ಣದ ನಕ್ಷೆ ದಾಟಲಾರದ ಒಂದು ಮಿತಿ ಇದೆ. ಅದು ಗಡಿಯೊಳಗಿನ ಏರುಪೇರನ್ನೆಲ್ಲ ಒಂದೇ ಬಣ್ಣದಡಿ ಮುಚ್ಚಿಬಿಡುತ್ತದೆ. ಉತ್ತರ ಕನ್ನಡದ ಸಾಂದ್ರತೆ 140. ಆದರೆ ಭಟ್ಕಳ ತಾಲ್ಲೂಕಿನಲ್ಲಿ ಅದು ನಾನೂರಕ್ಕೂ ಹೆಚ್ಚು, ಕಾಡು ತುಂಬಿದ ಜೋಯಿಡಾದಲ್ಲಿ ಮೂವತ್ತರ ಆಸುಪಾಸು. 140 ಎಂಬ ಸರಾಸರಿ ಈ ಎರಡರಲ್ಲಿ ಯಾವುದರ ಸತ್ಯವೂ ಅಲ್ಲ. ಚುಕ್ಕೆ ನಕ್ಷೆ ಬೇಕಾಗುವುದು ಇಂಥಲ್ಲಿ.

ಆದರೆ ಚುಕ್ಕೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನನ್ನ ನಕ್ಷೆಯಲ್ಲಿ ಆದದ್ದು ಇದೇ. ಕಂಪ್ಯೂಟರಿಗೆ ಗೊತ್ತಿದ್ದದ್ದು ಜಿಲ್ಲೆಯ ಗಡಿ ಮತ್ತು ಒಟ್ಟು ಸಂಖ್ಯೆ ಮಾತ್ರ. ಅದು ಬೀಜ ಎರಚಿದಂತೆ ಚುಕ್ಕೆಗಳನ್ನು ಜಿಲ್ಲೆಯ ತುಂಬ ಚೆಲ್ಲಿತು. ಜೋಯಿಡಾ ಜಿಲ್ಲೆಯ ಹತ್ತಿರ ಹತ್ತಿರ ಐದನೇ ಒಂದು ಭಾಗದಷ್ಟು ದೊಡ್ಡದು, ಹಾಗಾಗಿ ಇಪ್ಪತ್ತೈದರ ಆಸುಪಾಸು ಚುಕ್ಕೆ ಅಲ್ಲೇ ಬಿದ್ದವು. ಕಾಡು, ಗುಡ್ಡ, ಹಿನ್ನೀರು ಎಂಬ ಭೇದ ಅದಕ್ಕಿಲ್ಲ. ಚಿಕ್ಕ ತಾಲ್ಲೂಕಾದ ಭಟ್ಕಳದ ಪಾಲಿಗೆ ಬಂದದ್ದು ಐದಾರು. ಬಣ್ಣದ ನಕ್ಷೆ ಸರಾಸರಿಯನ್ನು ಸರಾಸರಿ ಎಂದೇ ತೋರಿಸುತ್ತದೆ. ಈ ನಕ್ಷೆ ಅದೇ ಸರಾಸರಿಯನ್ನು ಜನರ ಮನೆ ವಿಳಾಸವೆಂಬಂತೆ ತೋರಿಸುತ್ತಿತ್ತು. ನಂಬಿಸುವ ಶಕ್ತಿ ಚುಕ್ಕೆಗೆ ಹೆಚ್ಚು, ಅದಕ್ಕೇ ಅದರ ತಪ್ಪು ಹೆಚ್ಚು ಅಪಾಯಕಾರಿ. ಗುರುತಿಸುವ ಬಗೆಯೂ ಇದೆ. ಜಿಲ್ಲೆಯೊಳಗೆ ಚುಕ್ಕೆಗಳು ಎಲ್ಲೆಡೆ ಒಂದೇ ಸಮನಾಗಿ ಹರಡಿದ್ದು, ಗಡಿ ದಾಟಿದ ಕೂಡಲೇ ಒಮ್ಮೆಲೇ ದಟ್ಟವಾದರೆ ಅಥವಾ ವಿರಳವಾದರೆ ಅವು ಚೆಲ್ಲಿದ ಚುಕ್ಕೆಗಳೇ. ಜನ ಆಡಳಿತದ ಗಡಿ ನೋಡಿ ನೆಲೆಸುವುದಿಲ್ಲ.

ಒಂದು ಚುಕ್ಕೆಗೆ ಎಷ್ಟು ಜನ ಎಂಬುದನ್ನೂ ಕಾಗದದ ಅಳತೆ ನೋಡಿ ತೀರ್ಮಾನಿಸಬೇಕು. ಇಡೀ ಕರ್ನಾಟಕವನ್ನು ಪತ್ರಿಕೆಯ ಒಂದು ಪುಟದಲ್ಲಿ, ಸೆಂಟಿಮೀಟರಿಗೆ 30 ಕಿಲೋಮೀಟರಿನಂತೆ ಬರೆದಿದ್ದೇವೆ ಎಂದುಕೊಳ್ಳಿ. 2,196 ಚದರ ಕಿಲೋಮೀಟರಿನ ಬೆಂಗಳೂರು ನಗರ ಜಿಲ್ಲೆಗೆ ಸಿಗುವ ಜಾಗ ಎರಡೂವರೆ ಚದರ ಸೆಂಟಿಮೀಟರಿಗೂ ಕಡಿಮೆ. ಅಲ್ಲಿನ 96 ಲಕ್ಷ ಜನರಿಗೆ, ಹತ್ತು ಸಾವಿರಕ್ಕೊಂದರಂತೆ 962 ಚುಕ್ಕೆ ಇಡಬೇಕು. ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಯಾದರೂ ಮುಕ್ಕಾಲು ಪಾಲು ಜಾಗ ಮಸಿಯಿಂದ ತುಂಬಿ, ಒಂದರ ಮೇಲೊಂದು ಬಿದ್ದು ಕಲೆಯಾಗುತ್ತದೆ. ಅಲ್ಲೇ ಕೊಡಗಿಗೆ 55 ಚುಕ್ಕೆ, ಹಾಯಾಗಿ ಎಣಿಸಬಹುದು. ಕಲೆ ತಪ್ಪಿಸಲು ಚುಕ್ಕೆಗೆ ಐವತ್ತು ಸಾವಿರ ಜನ ಎಂದರೆ ಕೊಡಗಿಗೆ ಉಳಿಯುವುದು ಹನ್ನೊಂದು. ಅಲ್ಲಿನ ಹಂಚಿಕೆಯೇ ಕಾಣದು. ಬೆಂಗಳೂರನ್ನು ದೊಡ್ಡದಾಗಿ ಪಕ್ಕದಲ್ಲೊಂದು ಚೌಕಟ್ಟಿನಲ್ಲಿ ತೋರಿಸುವುದೇ ಇದಕ್ಕಿರುವ ಒಳ್ಳೆಯ ಉಪಾಯ.

ಗೆಳೆಯರು ಬೆರಳಿಟ್ಟ ಮೇಲೆ ನಾನು ನಕ್ಷೆಯನ್ನು ಮತ್ತೆ ಮಾಡಿದೆ. ಮೊದಲು ಜಿಲ್ಲೆಯ ಅಂಕಿಯ ಬದಲು ಪ್ರತಿ ತಾಲ್ಲೂಕಿನ ಅಂಕಿ ತೆಗೆದುಕೊಂಡೆ. ಆಮೇಲೆ ಅರಣ್ಯ ಮತ್ತು ನೀರಿನ ಭಾಗಗಳನ್ನು ಗಡಿಯಿಂದ ಕತ್ತರಿಸಿ ಹಾಕಿ, ಉಳಿದ ಜಾಗದಲ್ಲಷ್ಟೇ ಚುಕ್ಕೆ ಬೀಳುವಂತೆ ಮಾಡಿದೆ. ಅರಣ್ಯದ ಗಡಿಯೊಳಗೂ ಕೆಲವು ಹಳ್ಳಿಗಳಿವೆ, ಅವುಗಳ ಮಟ್ಟಿಗೆ ಈ ನಕ್ಷೆಯೂ ಪೂರ್ತಿ ಸರಿಯಲ್ಲ. ಆ ಮಾತನ್ನು ನಕ್ಷೆಯ ಕೆಳಗೆ ಬರೆದೆ. ಒಂದು ಚುಕ್ಕೆ ಒಂದು ಊರಲ್ಲ, ಸುತ್ತಲಿನ ಹತ್ತು ಸಾವಿರ ಜನರ ಗುರುತು ಎಂದೂ ಬರೆದೆ. ಈ ಸಲ ಭಟ್ಕಳಕ್ಕೆ ಹದಿನಾರು ಚುಕ್ಕೆ ಬಂದವು, ಜೋಯಿಡಾಕ್ಕೆ ಐದು. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಅಂಚಿನಲ್ಲಿ ಚುಕ್ಕೆಗಳು ಒತ್ತಾಗಿ ಸಾಲುಗಟ್ಟಿದವು. ಸೂಪಾದ ಹಿನ್ನೀರಿನ ಜಾಗ ಖಾಲಿಯಾಗಿತ್ತು.