ಪಾಸ್‌ಬುಕ್ಕಿನಲ್ಲಿ ಕಡಿತವಾದ 283 ರೂಪಾಯಿ 20 ಪೈಸೆ

ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ನಾವು ಕೊಡದ, ಕೇಳದ ಒಂದು ಮೊತ್ತ ಖರ್ಚಿನ ಕಡೆ ಕಾಣಿಸುತ್ತದೆ: 283.20. ಇನ್ನೊಂದು ಪುಟದಲ್ಲಿ 17.70, ಮತ್ತೊಂದರಲ್ಲಿ 47.20. ಪಕ್ಕದಲ್ಲಿ ಅರ್ಥವಾಗದ ನಾಲ್ಕು ಇಂಗ್ಲಿಷ್ ಅಕ್ಷರ. ಬ್ಯಾಂಕಿನ ಶುಲ್ಕದ ಪಟ್ಟಿ ತೆರೆದು ಹುಡುಕಿದರೆ ಇವುಗಳಲ್ಲಿ ಒಂದೂ ಅಲ್ಲಿ ಸಿಗುವುದಿಲ್ಲ. ಬಹಳ ಮಂದಿ ಇಲ್ಲಿಗೇ ಕೈಬಿಡುತ್ತಾರೆ.

ಪಟ್ಟಿಯಲ್ಲಿ ಬರೆದಿರುವುದು ಸಾಮಾನ್ಯವಾಗಿ ಜಿಎಸ್‌ಟಿ ಸೇರಿಸದ ದರ. ಪಾಸ್‌ಬುಕ್ಕಿನಲ್ಲಿ ಕಡಿತವಾಗುವುದು ಅದರ ಮೇಲೆ ಶೇ. 18 ಸೇರಿದ ಮೊತ್ತ. ಆದ್ದರಿಂದ ಕಡಿತದ ಮೊತ್ತವನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 1.18ರಿಂದ ಭಾಗಿಸಿ ನೋಡಿ. 17.70 ಹೋಗಿ 15 ಆಗುತ್ತದೆ, 47.20 ಹೋಗಿ 40, 283.20 ಹೋಗಿ 240. ಈಗ ಬ್ಯಾಂಕಿನ ವೆಬ್‌ಸೈಟಿನಲ್ಲಿ ‘ಸರ್ವಿಸ್ ಚಾರ್ಜಸ್’ ಎಂಬಲ್ಲಿರುವ ಪಟ್ಟಿಯಲ್ಲಿ ಈ ಸಂಖ್ಯೆಗಳನ್ನು ಹುಡುಕಬಹುದು. 15 ಮತ್ತು 40 ನೇರವಾಗಿ ಸಿಗುತ್ತವೆ. 240 ಮಾತ್ರ ಸಿಗುವುದಿಲ್ಲ, ಏಕೆಂದರೆ ಅದು ದರವಲ್ಲ, ಲೆಕ್ಕ ಹಾಕಿ ಬಂದ ಉತ್ತರ.

ಹಾವೇರಿ ಕಡೆಯ ಹಳ್ಳಿಯ ಒಬ್ಬ ಯುವಕನನ್ನು ಊಹಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಕಂಪನಿಯವರು ಸಂಬಳದ ಖಾತೆ ತೆರೆಸಿದ್ದರು. ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಅದೇ ಖಾತೆಯನ್ನು ಬಳಸುತ್ತಿದ್ದಾನೆ. ಸತತವಾಗಿ ಕೆಲವು ತಿಂಗಳು, ಅನೇಕ ಬ್ಯಾಂಕುಗಳಲ್ಲಿ ಮೂರು ತಿಂಗಳು, ಸಂಬಳ ಬೀಳದಿದ್ದರೆ ಅಂಥ ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿಬಿಡುತ್ತದೆ. ಅಲ್ಲಿಂದ ಮಿನಿಮಮ್ ಬ್ಯಾಲೆನ್ಸ್ ನಿಯಮ ಶುರು. ಪಟ್ಟಿಯಲ್ಲಿ ಮೆಟ್ರೊ, ನಗರ, ಅರೆನಗರ, ಗ್ರಾಮೀಣ ಎಂದು ನಾಲ್ಕು ಕಾಲಂ ಇರುತ್ತವೆ. ಇವು ನಿಮ್ಮ ಮನೆ ಇರುವ ಊರಿನವಲ್ಲ, ಖಾತೆ ಇರುವ ಶಾಖೆಯವು. ಜನಗಣತಿಯ ಪ್ರಕಾರ 10 ಸಾವಿರಕ್ಕಿಂತ ಕಡಿಮೆ ಜನರಿರುವ ಊರಿನ ಶಾಖೆ ಗ್ರಾಮೀಣ, ಒಂದು ಲಕ್ಷದೊಳಗೆ ಅರೆನಗರ, ಹತ್ತು ಲಕ್ಷದೊಳಗೆ ನಗರ, ಅದರಿಂದ ಮೇಲೆ ಮೆಟ್ರೊ. ನಮ್ಮ ಯುವಕ ಹಳ್ಳಿಯಲ್ಲಿದ್ದರೂ ಅವನ ಖಾತೆ ಮೆಟ್ರೊ ಕಾಲಂನಲ್ಲಿದೆ. ಅಲ್ಲಿ 10,000 ಎಂದಿದೆ ಎನ್ನೋಣ. ಅದೇ ಬ್ಯಾಂಕಿನ ಗ್ರಾಮೀಣ ಶಾಖೆಯಲ್ಲಿ 2,500 ಇದ್ದೀತು. ಖಾತೆಯನ್ನು ಊರಿನ ಶಾಖೆಗೆ ವರ್ಗಾಯಿಸಲು ಒಂದು ಅರ್ಜಿ ಸಾಕು. ಬಹುತೇಕ ಅಕೌಂಟ್ ನಂಬರ್ ಹಾಗೇ ಉಳಿದು ಐಎಫ್‌ಎಸ್‌ಸಿ ಮಾತ್ರ ಬದಲಾಗುತ್ತದೆ. ನಗರದಿಂದ ಮರಳಿದವರು ಮೊದಲು ಮಾಡಬೇಕಾದ ಕೆಲಸ ಇದು, ಆದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇನ್ನು ಆ 10,000. ಪ್ರತಿದಿನವೂ ಅಷ್ಟು ಇರಲೇಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನ ಪಟ್ಟಿಗಳಲ್ಲಿರುವುದು ತಿಂಗಳ ಸರಾಸರಿ. ಪ್ರತಿ ದಿನದ ಕೊನೆಯ ಬ್ಯಾಲೆನ್ಸನ್ನು ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಲ್ಲಿ ಒಟ್ಟು ಮೂರು ಲಕ್ಷ ಕೂಡಿಬಂದರೆ ಸರಿಹೋಯಿತು. ಮೂರು ದಿನ ಒಂದು ಲಕ್ಷ ಇಟ್ಟು ಉಳಿದ ದಿನ ಸೊನ್ನೆ ಇದ್ದರೂ ಲೆಕ್ಕ ತುಂಬುತ್ತದೆ. ತಿಂಗಳಿಡೀ 9,900 ಇಟ್ಟವರದು ತುಂಬುವುದಿಲ್ಲ.

ಯುವಕನ ಖಾತೆಯಲ್ಲಿ ಒಂದನೇ ತಾರೀಖಿನಿಂದ 6,000 ಇದೆ. ಇಪ್ಪತ್ತನೇ ದಿನಕ್ಕೆ 1,20,000 ಕೂಡಿದೆ, ಇನ್ನು 1,80,000 ಬೇಕು, ಉಳಿದಿರುವುದು ಹತ್ತು ದಿನ. 21ರಂದು 12,000 ಹಾಕಿ ಬ್ಯಾಲೆನ್ಸನ್ನು 18,000ಕ್ಕೆ ಏರಿಸಿ ಮುಟ್ಟದೆ ಬಿಟ್ಟರೆ ಪಾರು. ಅದನ್ನೇ 28ರವರೆಗೆ ತಡಮಾಡಿದರೆ ಕೊನೆಯ ಮೂರು ದಿನ 46,000 ಇರಬೇಕಾಗುತ್ತದೆ. ತಿಂಗಳ ಕೊನೆಯಲ್ಲಿ 4,000 ಹಾಕಿ 10,000 ಮಾಡಿದೆನಲ್ಲ, ಆದರೂ ದಂಡ ಏಕೆ ಎಂದು ಕೌಂಟರಿನಲ್ಲಿ ಕೇಳುವವರಿಗೆ ಉತ್ತರ ಈ ಲೆಕ್ಕದಲ್ಲಿದೆ.

ಅವನು ಏನೂ ಹಾಕಲಿಲ್ಲ. ಸರಾಸರಿ 6,000, ಕೊರತೆ 4,000. ‘ಕೊರತೆಯ ಶೇ. 6 ಅಥವಾ 600 ರೂಪಾಯಿ, ಯಾವುದು ಕಡಿಮೆಯೋ ಅದು’ ಎಂದು ಪಟ್ಟಿ ಹೇಳುತ್ತದೆ. 4,000ಕ್ಕೆ ಶೇ. 6 ಎಂದರೆ 240, ಜಿಎಸ್‌ಟಿ 43.20, ಒಟ್ಟು 283.20. ಮೊದಲು ಕಂಡ ಮೊತ್ತ ಇದೇ.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ದಂಡ ಸರಿಯಾಯಿತೆಂದಲ್ಲ. 2015ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬ್ಯಾಲೆನ್ಸ್ ಕಡಿಮೆಯಾದಾಗ ಬ್ಯಾಂಕು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಸರಿಪಡಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೂ ತುಂಬದಿದ್ದರೆ ಮಾತ್ರ ದಂಡ. ಆ ದಂಡವೂ ಕೊರತೆಗೆ ತಕ್ಕಂತಿರಬೇಕು. ನೂರು ರೂಪಾಯಿ ಕಡಿಮೆಯಾದವರಿಗೂ ಒಂಬತ್ತು ಸಾವಿರ ಕಡಿಮೆಯಾದವರಿಗೂ ಒಂದೇ ಮೊತ್ತ ಹಾಕುವಂತಿಲ್ಲ. ಈ ದಂಡವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗಿಳಿಯಲೂ ಬಾರದು. ನೋಟಿಸು ಹಳೆಯ, ಈಗ ಬಳಕೆಯಲ್ಲಿಲ್ಲದ ನಂಬರಿಗೆ ಹೋಗಿರುವುದೇ ಹೆಚ್ಚು. ಅದಕ್ಕಾಗಿ ಖಾತೆಯಲ್ಲಿರುವ ಮೊಬೈಲ್ ನಂಬರನ್ನು ಮೊದಲು ಪರೀಕ್ಷಿಸಿ.

ಈ ದಂಡವನ್ನೇ ಕೈಬಿಟ್ಟ ಬ್ಯಾಂಕುಗಳಿವೆ. ಸ್ಟೇಟ್ ಬ್ಯಾಂಕು 2020ರಲ್ಲಿ ಉಳಿತಾಯ ಖಾತೆಗಳಿಗೆ ಅದನ್ನು ತೆಗೆದುಹಾಕಿತು. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ತೆಗೆಯಿತು. ಜನ್‌ಧನ್‌ನಂಥ ಮೂಲ ಉಳಿತಾಯ ಖಾತೆಗಳಿಗೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ. ಅವುಗಳಲ್ಲಿ ಈ ದಂಡ ಕಂಡರೆ ಲೆಕ್ಕ ಹಾಕುತ್ತ ಕೂರದೆ ನೇರ ದೂರು ಕೊಡಿ.

17.70ರದು ಸರಳ ಕಥೆ. ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್‌ಗಾಗಿ 15 ರೂಪಾಯಿ ಮತ್ತು ಜಿಎಸ್‌ಟಿ, ವರ್ಷಕ್ಕೆ 70.80. ಆದರೆ ಈ ಶುಲ್ಕ ನಿಜವಾಗಿ ಕಳಿಸಿದ ಎಸ್‌ಎಂಎಸ್‌ಗಳಿಗೆ ತಕ್ಕಂತಿರಬೇಕೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ಮೂರು ತಿಂಗಳಲ್ಲಿ ಎರಡೇ ವ್ಯವಹಾರ ಮಾಡಿದ ಅಜ್ಜಿಯ ಖಾತೆಗೂ ಪೂರ್ತಿ 15 ಹಾಕಿದ್ದರೆ, ಎಷ್ಟು ಎಸ್‌ಎಂಎಸ್ ಕಳಿಸಿದಿರಿ ಎಂದು ಬರೆದು ಕೇಳಿ. ಆದರೆ ಹಣ ಉಳಿಸಲು ಎಸ್‌ಎಂಎಸ್ ಅನ್ನೇ ನಿಲ್ಲಿಸುವುದು ಬೇಡ. ಖಾತೆಗೆ ಕನ್ನ ಬಿದ್ದರೆ ಮೊದಲು ಗೊತ್ತಾಗುವುದು ಅದರಿಂದಲೇ. 2017ರ ನಿಯಮದಂತೆ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ನಡೆದ ಮೋಸದ ಬಗ್ಗೆ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ.

47.20 ಚೆಕ್ ಬುಕ್ಕಿನದು. ಇಲ್ಲಿ ನೋಡಬೇಕಾದದ್ದು ದರಕ್ಕಿಂತ ಹೆಚ್ಚಾಗಿ ಎಷ್ಟು ಹಾಳೆ ಉಚಿತ, ಯಾವ ಅವಧಿಗೆ ಎಂಬುದು. ಒಂದು ಪಟ್ಟಿಯಲ್ಲಿ ಆರ್ಥಿಕ ವರ್ಷಕ್ಕೆ 10 ಹಾಳೆ ಉಚಿತ, ಆಮೇಲೆ 10 ಹಾಳೆಗೆ 40, 25 ಹಾಳೆಗೆ 75 ಎಂದಿದೆ ಎಂದುಕೊಳ್ಳಿ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಶುರುವಾಗುವುದರಿಂದ, ಅವಸರವಿಲ್ಲದಿದ್ದರೆ ಮಾರ್ಚಿಯಲ್ಲಿ ದುಡ್ಡು ಕೊಟ್ಟು ತರಿಸುವ ಬದಲು ಏಪ್ರಿಲ್‌ನಲ್ಲಿ ಉಚಿತದ್ದನ್ನೇ ಕೇಳಬಹುದು. ತುರ್ತು ಚೆಕ್ ಬುಕ್ಕಿಗೆ ಬೇರೆ ದರವಿರುತ್ತದೆ. ಹಿರಿಯ ನಾಗರಿಕರಿಗೆ ಕೆಲವು ಬ್ಯಾಂಕುಗಳು ಶುಲ್ಕ ಹಾಕುವುದಿಲ್ಲ, ಆದರೆ ಖಾತೆಯಲ್ಲಿ ಜನ್ಮದಿನಾಂಕ ಸರಿಯಾಗಿ ದಾಖಲಾಗಿರಬೇಕು.

ತಪ್ಪಾಗಿ ಕಡಿತವಾಗಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಕಡಿತದ ದಿನಾಂಕ, ಮೊತ್ತ, ಯಾವ ತಿಂಗಳ ಸರಾಸರಿ, ನೋಟಿಸು ಯಾವ ದಿನ ಯಾವ ನಂಬರಿಗೆ ಕಳಿಸಿದರು ಎಂಬ ಪ್ರಶ್ನೆ, ಇಷ್ಟನ್ನು ಬರೆದು ಕೊಟ್ಟು ದೂರಿನ ನಂಬರ್ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.